ಕೊನೆಗೆ ಸೇರಿಸಿದ ಸಾಲು

ಮಕ್ಕಳ ವಿಜ್ಞಾನದ ಪುಸ್ತಕಗಳನ್ನು ಹೊರತರುತ್ತಿದ್ದ ಒಬ್ಬ ಪ್ರಕಾಶಕರಿಗೆ ಅವಳು ಹನ್ನೊಂದು ವರ್ಷದಿಂದ ಪುಟ ಜೋಡಿಸಿ ಕೊಡುತ್ತಿದ್ದಳು. ಲೇಖಕರು ಬರೆದದ್ದನ್ನು ಕಂಪ್ಯೂಟರಿನಲ್ಲಿ ಪುಟಕ್ಕಿಳಿಸುವುದು, ಚಿತ್ರಗಳನ್ನು ಕೂರಿಸುವುದು, ಕರಡು ತಿದ್ದಿ ಬಂದಾಗ ತಪ್ಪು ಸರಿಪಡಿಸಿ ಅಚ್ಚಿಗೆ ಸಿದ್ಧ ಮಾಡುವುದು, ಇದು ಕೆಲಸ. ಮನೆಯ ಮುಂದಿನ ಕೋಣೆಯೇ ಕಚೇರಿ. ಬೇರೆ ಸಣ್ಣಪುಟ್ಟ ಗಿರಾಕಿಗಳು ಬಂದು ಹೋಗುತ್ತಿದ್ದರು. ಈ ಪ್ರಕಾಶಕರು ಮಾತ್ರ ಬಿಟ್ಟವರಲ್ಲ. ಹೊಸ ಪುಸ್ತಕ ಬಂದಾಗಲೆಲ್ಲ ಮೊದಲ ಪ್ರತಿಯನ್ನು ಅವಳಿಗೇ ಕಳಿಸುತ್ತಿದ್ದರು.

ಪುಟಕ್ಕೆ ಇಷ್ಟು ಎಂದು ಗೊತ್ತಾಗಿದ್ದ ದರ ಆರು ವರ್ಷದಿಂದ ಅಲುಗಾಡಿರಲಿಲ್ಲ. ಅವರು ಏರಿಸಲಿಲ್ಲ, ಅವಳು ಕೇಳಲಿಲ್ಲ. ಪ್ರತಿ ವರ್ಷ ಕೇಳಬೇಕು ಅಂದುಕೊಳ್ಳುವಳು, ಫೋನ್ ಎತ್ತಿದರೆ ಅತ್ತ ಕಡೆಯಿಂದ, "ಏನಮ್ಮ, ಚೆನ್ನಾಗಿದೀರಾ?" ಎಂಬ ದನಿ ಕೇಳಿದೊಡನೆ ಬೇರೇನೋ ಮಾತಾಡಿ ಇಟ್ಟುಬಿಡುವಳು.

ಈ ವರ್ಷ ಮಾತ್ರ ಕೇಳದೆ ಇರಲು ಆಗದಾಯಿತು. ಒಂದು ಭಾನುವಾರ ಮಧ್ಯಾಹ್ನ ಕೂತು ಪತ್ರ ಬರೆದಳು. ಊಟಕ್ಕೆ ಬಂದಿದ್ದ ತಂಗಿ ಹಿಂದೆ ನಿಂತು ಓದಿದಳು. ತಂಗಿ ಒಂದು ದೊಡ್ಡ ಕಂಪನಿಯಲ್ಲಿ ಸಾಮಾನು ಖರೀದಿಯ ವಿಭಾಗದಲ್ಲಿದ್ದವಳು. ದಿನವಿಡೀ ದರದ ಮಾತೇ ಅವಳ ಕಸುಬು.

"ಇದೇನಕ್ಕ, ದರ ಜಾಸ್ತಿ ಕೇಳ್ತಿದೀಯೋ, ಕ್ಷಮೆ ಕೇಳ್ತಿದೀಯೋ? ಮೂರು ಸಲ ಕ್ಷಮಿಸಿ ಅಂತಿದೆ."

ಅಕ್ಕ ನಕ್ಕು ಮೂರನ್ನೂ ಅಳಿಸಿದಳು. ಇಬ್ಬರೂ ಕೂಡಿ ತಿದ್ದಿದ ಮೇಲೆ ಪತ್ರ ಹೀಗಾಯಿತು:

"ಸರ್, ನಮಸ್ಕಾರ. ಹನ್ನೊಂದು ವರ್ಷದಿಂದ ನಿಮ್ಮ ಪುಸ್ತಕಗಳ ಕೆಲಸ ಮಾಡುವುದು ನನಗೆ ಸಂತೋಷದ ವಿಷಯ. ಪುಟದ ದರವನ್ನು ಶೇಕಡ ಇಪ್ಪತ್ತೈದರಷ್ಟು ಹೆಚ್ಚಿಸಬೇಕೆಂದು ಕೇಳಿಕೊಳ್ಳುತ್ತಿದ್ದೇನೆ. ಈಗಿನ ದರ ನಿಗದಿಯಾಗಿ ಆರು ವರ್ಷವಾಯಿತು. ಆಗ ಒಂದು ಪುಸ್ತಕಕ್ಕೆ ಎರಡು ಸುತ್ತಿನ ಕರಡು ಬರುತ್ತಿತ್ತು, ಈಗ ನಾಲ್ಕೈದು ಸುತ್ತು ಬರುತ್ತಿದೆ. ಚಿತ್ರ, ಕೋಷ್ಟಕಗಳು ಹೆಚ್ಚಾಗಿ ಒಂದೊಂದು ಪುಟಕ್ಕೂ ಸುಮಾರು ಎರಡರಷ್ಟು ಹೊತ್ತು ಹಿಡಿಯುತ್ತಿದೆ. ಒಮ್ಮೆ ಕೊಂಡರೆ ಸಾಕಾಗಿದ್ದ ಸಾಫ್ಟ್‌ವೇರಿಗೆ ಈಗ ಪ್ರತಿ ವರ್ಷ ಹಣ ಕಟ್ಟಬೇಕು. ಹೊಸ ದರ ಮುಂದಿನ ತಿಂಗಳು ಶುರುವಾಗುವ ಪುಸ್ತಕಗಳಿಗೆ ಮಾತ್ರ. ಈಗ ಕೈಯಲ್ಲಿರುವ ಎರಡನ್ನು ಹಳೆಯ ದರಕ್ಕೇ ಮುಗಿಸಿಕೊಡುತ್ತೇನೆ."

ಕೊನೆಯಲ್ಲಿ ಅವಳು, "ಈ ಬಗ್ಗೆ ಮಾತಾಡಬೇಕೆನಿಸಿದರೆ ಯಾವಾಗ ಬೇಕಾದರೂ ಫೋನ್ ಮಾಡಿ" ಎಂದು ಬರೆದಿದ್ದಳು. ತಂಗಿ ಅಲ್ಲಿ ಬೆರಳಿಟ್ಟಳು.

"ಇದು ಬೇಡ. ಮಾತಾಡೋಣ ಅಂದ್ರೆ ಕಮ್ಮಿ ಮಾಡೋಣ ಅಂತಲೇ ಅರ್ಥ. ನಾನು ದಿನಾ ನೋಡ್ತೀನಲ್ಲ. ಒಂದು ಗಟ್ಟಿ ಮಾತಿರ್ಲಿ."

"ಅವರು ಅಂಥವರಲ್ಲ ಕಣೆ."

"ಆರು ವರ್ಷ ಒಂದು ಮಾತು ಕೇಳದೆ ಹಳೇ ದರಕ್ಕೆ ದುಡಿಸ್ಕೊಂಡ್ರಲ್ಲ, ಇನ್ನೆಂಥವರು?"

ಆ ಮಾತು ನಾಟಿತು. ಅವಳು ಆ ಸಾಲನ್ನು ಅಳಿಸಿ, ತಂಗಿ ಹೇಳಿದ್ದನ್ನು ತಾನೇ ಟೈಪ್ ಮಾಡಿದಳು: "ಈ ದರಕ್ಕೆ ತಮ್ಮ ಒಪ್ಪಿಗೆ ಇಲ್ಲದಿದ್ದಲ್ಲಿ, ಮುಂದಿನ ತಿಂಗಳಿಂದ ಹೊಸ ಕೆಲಸ ತೆಗೆದುಕೊಳ್ಳಲು ನನಗೆ ಸಾಧ್ಯವಾಗುವುದಿಲ್ಲ." ಓದಿದಾಗ ಬೇರೆ ಯಾರೋ ಬರೆದ ಹಾಗಿತ್ತು. ಆದರೂ ಇಮೇಲಿನಲ್ಲಿ ಕಳಿಸಿಬಿಟ್ಟಳು.

ಉತ್ತರ ಬಂದದ್ದು ಮೂರನೆಯ ದಿನ, ನಾಲ್ಕೇ ಸಾಲು. "ನೀವು ಬರೆದ ಕಾರಣಗಳೆಲ್ಲ ನಿಜ. ಕೇಳುವುದಕ್ಕೆ ಇಷ್ಟು ವರ್ಷ ಕಾದದ್ದು ನಿಮ್ಮ ದೊಡ್ಡತನ. ಅಷ್ಟು ಕೊಡುವ ಶಕ್ತಿ ಈಗ ನನಗಿಲ್ಲ. ನಿಮ್ಮನ್ನು ಕಟ್ಟಿಹಾಕುವುದು ಸರಿಯಲ್ಲ; ಒಳ್ಳೆಯದಾಗಲಿ."

ಅವಳು ಅದನ್ನು ಹತ್ತು ಸಲ ಓದಿರಬೇಕು. ಬೈದಿದ್ದರೆ, ಚೌಕಾಸಿ ಮಾಡಿದ್ದರೆ ಉತ್ತರ ಕೊಡಬಹುದಿತ್ತು. ಇದಕ್ಕೆ ಏನು ಬರೆಯುವುದು? ನಿಜ ಹೇಳಬೇಕೆಂದರೆ ಅವರು ಶೇಕಡ ಹದಿಮೂರೋ ಹದಿನಾಲ್ಕೋ ಅಂದಿದ್ದರೂ ಅವಳು ಹೂಂ ಅನ್ನುವವಳು. ಫೋನ್ ಮಾಡಿ ಹಾಗೆಂದರೆ ತಾನು ಬರೆದದ್ದೆಲ್ಲ ಬರಿಯ ಬೆದರಿಕೆ ಅನ್ನಿಸುವುದಿಲ್ಲವೇ?

"ಸುಮ್ನಿರು, ಅವರೇ ವಾಪಸ್ ಬರ್ತಾರೆ," ಎಂದಳು ತಂಗಿ. ಅವಳು ಸುಮ್ಮನಿದ್ದಳು. ಒಂದು ವಾರ ಹೋಯಿತು, ಇನ್ನೊಂದು ವಾರವೂ ಹೋಯಿತು. ಯಾರೂ ವಾಪಸ್ ಬರಲಿಲ್ಲ.

ಕೈಯಲ್ಲಿದ್ದ ಎರಡು ಪುಸ್ತಕ ಮುಗಿದ ಮೇಲೆ, ಹನ್ನೊಂದು ವರ್ಷದ ಕಡತಗಳನ್ನೆಲ್ಲ ಒಂದು ಹಾರ್ಡ್ ಡಿಸ್ಕಿಗೆ ತುಂಬಿಕೊಂಡು ಪ್ರಕಾಶಕರ ಕಚೇರಿಗೆ ಹೋದಳು. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಷ್ಟು ಇಕ್ಕಟ್ಟಿನ ಮೆಟ್ಟಿಲು. ಮೇಲೆ ಪುಸ್ತಕದ ಕಟ್ಟುಗಳ ನಡುವೆ ಅವರು ಕನ್ನಡಕವನ್ನು ಹಣೆಗೇರಿಸಿಕೊಂಡು ಕೂತಿದ್ದರು. ಅವಳನ್ನು ಕಂಡು ಎದ್ದು ನಿಂತರು. ಹಿಂದೆಂದೂ ಎದ್ದವರಲ್ಲ.

ಹಾರ್ಡ್ ಡಿಸ್ಕ್ ಕೊಟ್ಟು, ಯಾವುದು ಎಲ್ಲಿದೆ ಎಂದು ಹೇಳಿದ್ದಾಯಿತು. ಅವರು ಅದನ್ನು ಇಡಲು ಡ್ರಾಯರ್ ಎಳೆದಾಗ ಮೇಲೆಯೇ ಅವಳ ಪತ್ರವಿತ್ತು. ಫೋನಿನಲ್ಲಿ ಓದಲಾಗದೆ ಎಲ್ಲವನ್ನೂ ಪ್ರಿಂಟ್ ಮಾಡಿಸಿಕೊಳ್ಳುವುದು ಅವರ ಅಭ್ಯಾಸ. 'ಇಪ್ಪತ್ತೈದು' ಎಂಬಲ್ಲಿ ಪೆನ್ಸಿಲಿನಲ್ಲಿ ಸುತ್ತುಹಾಕಿ, ಪಕ್ಕದಲ್ಲಿ 'ಈಗ ಹದಿನೈದು, ಬರುವ ವರ್ಷ ಹತ್ತು' ಎಂದು ಬರೆದಿತ್ತು.

"ಇದೇನು ಸರ್?"

ಅವರು ಪತ್ರದ ಮೇಲೆ ಕೈಯಿಟ್ಟರು. ಆಮೇಲೆ ಕೈ ತೆಗೆದರು.

"ಮೊದಲು ಓದ್ತಾ ಹಾಗೆ ಬರಕೊಂಡೆ. ಎರಡು ಕಂತಲ್ಲಿ ಆಗಬಹುದಾ ಅಂತ ನಿಮ್ಮನ್ನ ಕೇಳೋಣ ಅಂತಿದ್ದೆ. ಆಮೇಲೆ ಕೊನೆ ಸಾಲಿಗೆ ಬಂದೆ. ಇಷ್ಟು ಖಚಿತವಾಗಿ ಹೇಳಿದೋರ ಹತ್ರ ಚೌಕಾಸಿಗೆ ನಿಂತ್ರೆ ನಿಮ್ಮ ಕೆಲಸಾನ ಅವಮಾನ ಮಾಡಿದ ಹಾಗೆ ಅನ್ನಿಸ್ತು."

"ಒಂದು ಫೋನ್ ಮಾಡಬಹುದಿತ್ತಲ್ಲ ಸರ್."

"ನೀವೂ ಮಾಡಬಹುದಿತ್ತಲ್ಲಮ್ಮ," ಎಂದರು, ಆಕ್ಷೇಪಣೆಯ ದನಿಯಲ್ಲಲ್ಲ.

ಅವಳಿಗೆ ಕಣ್ಣು ತುಂಬಿತು. "ನಾನು ಒಪ್ಪಿಕೊಳ್ತಿದ್ದೆ. ಹದಿನೈದಕ್ಕೆ ಕಣ್ಣುಮುಚ್ಚಿ ಒಪ್ಪಿಕೊಳ್ತಿದ್ದೆ. ಈಗಲೂ ಬೇಕಾದ್ರೆ..."

ಅವರು ಆಗದೆಂದು ತಲೆಯಾಡಿಸಿದರು. ಬರುವ ಸರಣಿಯ ಆರು ಪುಸ್ತಕಗಳನ್ನು ಹಿಂದಿನ ದಿನವಷ್ಟೇ ಇನ್ನೊಬ್ಬರಿಗೆ ಒಪ್ಪಿಸಿಯಾಗಿತ್ತು. ಆತ ಅದನ್ನು ನಂಬಿಕೊಂಡು, ಬಂದಿದ್ದ ಬೇರೆ ಕೆಲಸ ಬೇಡವೆಂದಿದ್ದ. "ಮಾತು ಕೊಟ್ಬಿಟ್ಟೆ. ಅವನದೂ ಸಂಸಾರ ಇದೆ," ಎಂದರು. ಆಮೇಲೆ ಇನ್ನೊಂದು ಮಾತು ಹೇಳಿದರು, ಅವಳಿಗಿಂತ ಹೆಚ್ಚಾಗಿ ತಮಗೇ ಹೇಳಿಕೊಂಡ ಹಾಗೆ: "ಆರು ವರ್ಷ ನಾನೂ ಕಣ್ಣು ಮುಚ್ಕೊಂಡಿದ್ದೆ. ನೀವಾಗಿ ಕೇಳೋವರೆಗೂ ಕಾಯಬಾರದಿತ್ತು."

ಮೆಟ್ಟಿಲ ತನಕ ಬಂದು ಬೀಳ್ಕೊಟ್ಟರು.

ಮನೆಗೆ ಬಂದು ತಂಗಿಗೆ ಎಲ್ಲ ಹೇಳಿದಳು. "ನಾನು ಹೇಳಬಾರದಿತ್ತು ಅಕ್ಕ," ಎಂದಳು ತಂಗಿ. "ಟೈಪ್ ಮಾಡಿದ್ದು ನಾನೇ ಅಲ್ವಾ," ಎಂದಳು ಇವಳು. ಅದು ಬರಿ ಸಮಾಧಾನದ ಮಾತಾಗಿರಲಿಲ್ಲ. ಆ ಮನುಷ್ಯ ಎಂಥವರೆಂದು ತಂಗಿಗೆ ಗೊತ್ತಿರಲಿಲ್ಲ, ಇವಳಿಗೆ ಗೊತ್ತಿತ್ತು.

ಕೆಲಸವೇನೂ ನಿಲ್ಲಲಿಲ್ಲ. ಎರಡು ತಿಂಗಳು ಕೈ ಕಟ್ಟಿ ಕೂತ ಮೇಲೆ ಒಂದು ಕಾಲೇಜಿನ ಪತ್ರಿಕೆ ಬಂತು, ಆಮೇಲೆ ಒಂದು ಔಷಧಿ ಕಂಪನಿಯ ಕೈಪಿಡಿಗಳು ಬಂದವು, ಅವಳು ಕೇಳಿದ ದರಕ್ಕೇ. ಕೈಪಿಡಿ ಅಚ್ಚಾದ ಮೇಲೆ ಒಂದು ಪ್ರತಿ ಕಳಿಸಬೇಕೆಂದು ಅಲ್ಲಿ ಯಾರಿಗೂ ತೋಚಲಿಲ್ಲ. ಅವಳೂ ಕೇಳಲಿಲ್ಲ.

ವರ್ಷದ ಮೇಲೆ ಒಂದು ಬೆಳಿಗ್ಗೆ ಪ್ರಕಾಶಕರ ಫೋನ್ ಬಂತು. ಹಳೆಯ ಪುಸ್ತಕವೊಂದರ ಮರುಮುದ್ರಣದಲ್ಲಿ ಗ್ರಹಗಳ ಕೋಷ್ಟಕ ಚೆಲ್ಲಾಪಿಲ್ಲಿಯಾಗುತ್ತಿದೆ, ಈಗ ಪುಟ ಜೋಡಿಸುವ ಹುಡುಗನಿಗೆ ಹಿಡಿತ ಸಿಗುತ್ತಿಲ್ಲ, ಕೇಳುವುದಕ್ಕೆ ಸಂಕೋಚ ಎಂದರು. "ಅವರಿಗೇ ಫೋನ್ ಕೊಡಿ ಸರ್," ಎಂದಳು. ಅರ್ಧ ಗಂಟೆ, ಕಾಲಂ ಎಲ್ಲಿ ಕಟ್ಟಬೇಕು, ಅಳತೆ ಎಷ್ಟಿಡಬೇಕು ಎಂದು ಒಂದೊಂದಾಗಿ ಹೇಳಿಕೊಟ್ಟಳು. ಆತ ಸರಿಯಾಯಿತು ಎಂದ. ಮತ್ತೆ ಫೋನ್ ತೆಗೆದುಕೊಂಡ ಪ್ರಕಾಶಕರು, "ಬಹಳ ಉಪಕಾರ ಆಯ್ತಮ್ಮ," ಎಂದರು. ಏನೋ ಇನ್ನೂ ಹೇಳುವವರಿದ್ದರು. ಇವಳೂ ಕಾದಳು.

"ಮನೇಲೆಲ್ಲ ಆರಾಮಾ?" ಎಂದರು.

"ಆರಾಮ ಸರ್," ಎಂದಳು.