ಓಬಳೇಶನ ವಿಚಾರಣೆ

ಮದುವೆ ಫೋಟೋಗ್ರಾಫರ್ ಆಗುತ್ತೇನೆಂದು ಕುಣಿಯುತ್ತಿದ್ದ ನನ್ನ ತಮ್ಮ ಓಬಳೇಶನಿಗೆ, ಮೊದಲು ಆ ಕೆಲಸದಲ್ಲಿ ಇರುವವರನ್ನು ವಿಚಾರಿಸು ಎಂದವಳು ನಾನೇ. ಆ ಮಹಾಶಯ ನಮ್ಮೂರು ಚಳ್ಳಕೆರೆಯ ಸ್ಟುಡಿಯೋಗಳಿಗೆಲ್ಲ ಹೋಗಿ, ತಾನು ತೆಗೆದ ಫೋಟೋ ತೋರಿಸಿ, "ಸೂಪರ್" ಅನ್ನಿಸಿಕೊಂಡು ಬಂದ. ಅದಕ್ಕೆ ಅವನು ಇಟ್ಟ ಹೆಸರು ವಿಚಾರಣೆ!

ಮೊಳಕಾಲ್ಮೂರಿನ ಫೋಟೋಗ್ರಾಫರ್ ತನ್ವೀರ್ ಬಳಿಗೆ ನಾನೂ ಜೊತೆಗೆ ಹೋದೆ. ಅಲ್ಲೂ ಇವನು ಮೊಬೈಲ್ ಹೊರತೆಗೆದ. ನಾನು ನಡುವೆ ಬಾಯಿ ಹಾಕಿದೆ.

"ಹೋದ ಮದುವೇಲಿ ಬೆಳಗ್ಗಿಂದ ಏನೇನ್ ಮಾಡಿದ್ರಿ, ಹೇಳ್ರಿ."

"ನಸುಕಿಗೇ ಹೋದೆ ಅಕ್ಕ. ಎಲ್ಲರ ಊಟ ಆದ್ಮೇಲೆ ನನ್ನ ಊಟ. ಆಮೇಲೆ ವಾರಗಟ್ಟಲೆ ಕಂಪ್ಯೂಟರ್ ಮುಂದೆ ಕೂತು ಆಲ್ಬಮ್ ಮಾಡಿದೆ. ಆಷಾಢದಾಗೆ ಆ ಕೆಲಸಾನೂ ಇರಲ್ಲ," ಎಂದ ತನ್ವೀರ್, ಓಬಳೇಶನ ಕಡೆ ತಿರುಗಿದ. "ನಾಳೆ ಚಳ್ಳಕೆರೇಲೇ ಮದುವೆ ಐತೆ. ಬೆಳಕಾಗೋ ಮುಂಚೆ ಬಾ, ಒಂದಿನ ನನ್ನ ಬ್ಯಾಗ್ ಹೊತ್ಕೊಂಡು ಓಡಾಡು. ನಿಂಗೇ ಗೊತ್ತಾಗ್ತೈತೆ."

"ಅಷ್ಟೊತ್ತಿಗೆ ಏಳಕ್ಕಾಗಲ್ಲ ಅಣ್ಣ," ಎಂದರು ನಮ್ಮ ಫೋಟೋಗ್ರಾಫರ್ ಸಾಹೇಬರು.

ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ತನ್ನ ಸ್ಟುಡಿಯೋಗೆ ಹೆಸರು ಯೋಚಿಸುತ್ತಿದ್ದ, ಗೂಬೆ. ಮರುದಿನ ಅವನು ಇನ್ನೂ ಗೊರಕೆ ಹೊಡೆಯುತ್ತಿದ್ದಾಗ ತನ್ವೀರನ ಬ್ಯಾಗು ನನ್ನ ಹೆಗಲ ಮೇಲಿತ್ತು.