ಏಳನೇ ಪ್ರಶ್ನೆ

ಮೋಹನ್‌ಬಾಬು ಸಮೀಕ್ಷೆಯ ಫಾರಂಗಳನ್ನು ಮೇಜಿನ ಮೇಲೆ ಎರಡು ಸಾಲಾಗಿ ಹರಡಿದರು. ಮೇಲಿನ ಹತ್ತು ಕಲ್ಯಾಣಿ ತುಂಬಿಕೊಂಡು ಬಂದವು. ಕೆಳಗಿನ ಹತ್ತು, ತಿಂಗಳಾದ ಮೇಲೆ ಅದೇ ಮನೆಗಳಿಗೆ ಅವರೇ ಹೋಗಿ ಮತ್ತೊಮ್ಮೆ ಕೇಳಿ ಬರೆದುಕೊಂಡವು.

"ಏಳನೇದು ನೋಡಮ್ಮ. ನೀನು ಇಲ್ಲ ಅಂತ ಬರ್ದಿದೀಯ, ನಂಗೆ ಹೌದು ಅಂದ್ರು. ಇಲ್ನೋಡು, ನೀನು ಹೌದು, ನಂಗೆ ಇಲ್ಲ. ಹತ್ತರಲ್ಲಿ ಆರು ಹಿಂಗೇ. ಏನಿದು?"

ಕಲ್ಯಾಣಿ ಬಗ್ಗಿ ನೋಡಿದಳು. ಅಕ್ಷರ ತನ್ನದೇ, ಗುರುತು ತನ್ನದೇ.

ಚಿಕ್ಕಬಳ್ಳಾಪುರ ಜಿಲ್ಲೆಯಾಗಿ ಎರಡನೇ ವರ್ಷವದು. ರೇಷ್ಮೆ ಸಾಕುವ ಮನೆಗಳ ಸಮೀಕ್ಷೆಯನ್ನು ಸಂಸ್ಥೆಯೊಂದು ನಾಲ್ಕು ತಾಲ್ಲೂಕುಗಳಲ್ಲಿ ಮಾಡಿಸುವುದಿತ್ತು. ಮೊದಲು ಶಿಡ್ಲಘಟ್ಟದ ದಿಬ್ಬೂರಹಳ್ಳಿ ಕಡೆ ನಲವತ್ತು ಮನೆ ಪ್ರಯೋಗಕ್ಕೆಂದು ಕಲ್ಯಾಣಿಗೆ ಕೊಟ್ಟಿದ್ದರು. ಇದು ಸರಿಹೋದರೆ ವರ್ಷಪೂರ್ತಿ ಕೆಲಸ. ನಾಲ್ಕರಲ್ಲೊಂದು ಮನೆಯನ್ನು ಮೇಲ್ವಿಚಾರಕರಾದ ಮೋಹನ್‌ಬಾಬು ಮರುಪರೀಕ್ಷೆ ಮಾಡುವುದು ಪದ್ಧತಿ. ಉತ್ತರ ಕೂಡಿಬರದಿದ್ದರೆ 'ಮರದಡಿ ಫಾರಂ' ಎನ್ನುತ್ತಿದ್ದರು. ಮನೆಗೆ ಹೋಗದೆ ಹೊಂಗೆ ಮರದ ಕೆಳಗೆ ಕೂತು ತುಂಬಿದ್ದು ಎಂದರ್ಥ. ರಿಜಿಸ್ಟರಿನಲ್ಲಿ ಒಮ್ಮೆ ಹಾಗೆ ಬರೆದರೆ ಜಿಲ್ಲೆಯಲ್ಲಿ ಇನ್ಯಾರೂ ಅವರನ್ನು ಸಮೀಕ್ಷೆಗೆ ಕರೆಯುತ್ತಿರಲಿಲ್ಲ.

"ಸಾರ್, ಎಷ್ಟು ಜನ ಇದಾರೆ, ಎಷ್ಟು ಸೊಪ್ಪಿನ ತೋಟ, ಎಷ್ಟು ಎಮ್ಮೆ, ಅವೆಲ್ಲ ಕೂಡಿದೆಯಲ್ಲ? ಮರದ ಕೆಳಗೆ ಕೂತಿದ್ರೆ ಎಮ್ಮೆ ಲೆಕ್ಕ ಹೆಂಗೆ ಸಿಗ್ತಿತ್ತು?"

"ಎಮ್ಮೆ ಲೆಕ್ಕ ಹೋಟ್ಲಲ್ಲಿ ಟೀ ಕುಡಿತಾ ಕೂತ್ರೂ ಸಿಗುತ್ತೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಶುಕ್ರವಾರ ರಿಜಿಸ್ಟರು ಬರೀಬೇಕು ನಾನು. ನಾಳೆ ಹೋಗಣ. ನೀನೂ ಬಾ. ನನ್ನ ಮುಂದೇನೇ ಕೇಳಣ."

ಆ ರಾತ್ರಿಯೆಲ್ಲ ಅವಳು ನಲವತ್ತು ಜಗುಲಿಗಳನ್ನು ನೆನೆದುಕೊಂಡಳು. ಪ್ರತಿಯೊಂದರ ಮೇಲೂ ಕೂತದ್ದು ನೆನಪಿತ್ತು. ಯಾರು ಏನು ಹೇಳಿದರು ಎಂಬುದು ಮಾತ್ರ, ನೆನೆದಷ್ಟೂ ಕಲಸಿಹೋಯಿತು.

ಮಾರನೆಯ ದಿನ ಬಸ್ಸಿಳಿದು ಮುನಿವೆಂಕಟಪ್ಪನ ಮನೆಗೆ ಹೋದಾಗ ಹುಳುಗಳಿಗೆ ಬೆಳಗಿನ ಹಿಪ್ಪುನೇರಳೆ ಸೊಪ್ಪು ಹಾಕಿ ಆಗಿತ್ತು. ಮುಂದಿನ ಸೊಪ್ಪಿಗೆ ಹೊರಡುವ ಮೊದಲು ಸಿಗುವ ಇಪ್ಪತ್ತು ನಿಮಿಷವೇ ಇಂಥ ಮನೆಗಳಲ್ಲಿ ಪ್ರಶ್ನೆ ಕೇಳುವ ಹೊತ್ತು. ಮುದುಕ ಜಗುಲಿಯ ಮೇಲೆ ಬೀಡಿ ಹಚ್ಚಿ ಕೂತಿದ್ದ.

"ಏನ್ ಸಾಮಿ, ಮತ್ತೆ ಬಂದ್ರಾ? ಅವತ್ತು ಹೇಳಿದ್ದು ಅಳಿಸೋಯ್ತಾ?"

"ಒಂದೇ ಪ್ರಶ್ನೆ ಯಜಮಾನ್ರೇ," ಎಂದು ಮೋಹನ್‌ಬಾಬು ಫಾರಂ ಹಿಡಿದು ಓದಿದರು. "ಚಾಕಿ ಕೇಂದ್ರದಿಂದ ಬರುವ ಹುಳುಗಳ ಗುಣಮಟ್ಟ ಮತ್ತು ಸರಬರಾಜಿನ ಸಮಯ ನಿಮಗೆ ತೃಪ್ತಿ ತಂದಿದೆಯೇ?"

ಮೊಟ್ಟೆಯೊಡೆದ ಮರಿಹುಳುಗಳನ್ನು ಹದವಾದ ಕೋಣೆಯಲ್ಲಿ ಹತ್ತು ದಿನ ಒಟ್ಟಿಗೆ ಸಾಕಿ, ಎರಡನೇ ಪೊರೆ ಬಿಟ್ಟ ಮೇಲೆ ರೈತರ ಮನೆಗೆ ಗಾಡಿಯಲ್ಲಿ ಕಳಿಸುವ ಜಾಗಕ್ಕೆ ಚಾಕಿ ಕೇಂದ್ರವೆನ್ನುತ್ತಾರೆ. ಮುನಿವೆಂಕಟಪ್ಪ ಹೊಗೆ ಬಿಟ್ಟು, "ಹೂಂ" ಎಂದ.

ಮೋಹನ್‌ಬಾಬು ಕಲ್ಯಾಣಿಯತ್ತ ನೋಡಿದರು. ಅವಳ ಫಾರಂನಲ್ಲಿ ಈ ಮನೆಗೆ 'ಇಲ್ಲ' ಇತ್ತು.

"ತಾತ, ಯಾವುದಕ್ಕೆ ಹೂಂ ಅಂದಿದ್ದು?"

"ಹುಳಕ್ಕೆ ಕಣಮ್ಮ. ನೂರು ಚಿಟ್ಟೆ ಇಟ್ಟ ಮೊಟ್ಟೆಗೆ ಅರವತ್ತು ಕೆಜಿ ಗೂಡಾಯ್ತು ಮೊನ್ನೆ. ಇನ್ನೇನು ಬೇಕು?"

"ಗಾಡಿ ಹೊತ್ತಿಗೆ ಸರಿಯಾಗಿ ಬರುತ್ತಾ?"

"ಎಲ್ಲಿ ಬರುತ್ತೆ!" ಮುದುಕ ನೆಟ್ಟಗೆ ಕೂತ. "ಬೆಳಿಗ್ಗೆ ಆರಕ್ಕೆ ಅಂತಾನೆ, ಹನ್ನೊಂದು ಮಾಡ್ತಾನೆ. ತಂಪೊತ್ತಲ್ಲಿ ತರಬೇಕಾದ ಹುಳನ ಬಿಸಿಲಲ್ಲಿ ತಂದ್ರೆ ಬದುಕ್ತಾವಾ? ನೀನು ಬಂದ ಹಿಂದಿನ ದಿನ ಹಂಗೇ ಆಗಿತ್ತು. ನಮ್ಮವಳು ಒದ್ದೆ ಗೋಣಿ ಕಟ್ಟಿ ಹೆಂಗೋ ಉಳಿಸಿಕೊಂಡ್ಳು."

ಮೋಹನ್‌ಬಾಬು ಪೆನ್ನು ಎತ್ತಿದರು. "ಹಂಗಾದ್ರೆ ಇಲ್ಲ ಅಂತ ಬರೀಲಾ?"

"ಇಲ್ಲ ಅಂತ ಯಾಕೆ ಬರೀತೀರ? ಹುಳ ಚೆನ್ನಾಗೈತಲ್ಲ!"

"ಹೌದು ಅಂತ ಬರೀಲಾ?"

"ಹಂಗೆ ಬರೆದ್ರೆ ಆ ಗಾಡಿಯವನಿಗೆ ಇನ್ನೂ ಕೊಬ್ಬು."

ಪೆನ್ನು ಗಾಳಿಯಲ್ಲೇ ಉಳಿಯಿತು. ಒಳಗಿನಿಂದ ಮುದುಕನ ಹೆಂಡತಿ ಶ್ಯಾಮಲಮ್ಮ, ಸೊಪ್ಪು ಹೊರುವ ಚಾದರ ಕೊಡವುತ್ತ ಹೊರಗೆ ಬಂದಳು. "ಈಯಪ್ಪನ್ನ ಹಂಗೆ ಕೇಳ್ಬಾರ್ದು ಸಾಮಿ. ಉಂಡ್ಯಾ, ಎಮ್ಮೆ ಕಟ್ಟಿದ್ಯಾ ಅಂತ ಒಟ್ಟಿಗೆ ಕೇಳಿದ್ರೆ ಹೂಂ ಅಂತಾನೆ. ಉಂಡಿರ್ತಾನೆ. ಎಮ್ಮೆ ಪಕ್ಕದೋರ ತೋಟದಲ್ಲಿರುತ್ತೆ."

ಮೋಹನ್‌ಬಾಬು ನಗಲಿಲ್ಲ. ಅಲ್ಲಿಂದೆದ್ದು ಇನ್ನೆರಡು ಮನೆಗೆ ಹೋದರು. ನಲ್ಲಪ್ಪ ಎಂಬಾತ ಪ್ರಶ್ನೆ ಮುಗಿಯುವ ಮೊದಲೇ 'ಸಮಯ' ಎನ್ನುವ ಮಾತು ಹಿಡಿದುಕೊಂಡು ಇಲ್ಲ ಎಂದ. ಕೊಂಡಮ್ಮ ಬಹಳ ಹೊತ್ತು ಯೋಚಿಸಿ, "ಯಾವ್ದು ಬರ್ದ್ರೆ ನಿಮ್ಗೆ ಸರಿಯಾಗುತ್ತೋ ಅದನ್ನೇ ಬರ್ಕೊಳ್ಳಪ್ಪ" ಎಂದಳು.

ಆ ಮಾತಿಗೆ ಕಲ್ಯಾಣಿಯ ಮುಖ ಕೆಂಪಾಯಿತು. ಊರ ಮುಂದಿನ ಅರಳಿಕಟ್ಟೆಗೆ ಬಂದಾಗ ಅವಳೇ ಬಾಯಿಬಿಟ್ಟಳು.

"ಸಾರ್, ಒಂದು ಹೇಳ್ಬೇಕು. ಹಿಂಗೆ ತಡವರಿಸಿದೋರಿಗೆ ನಾನು ಹೌದು ಅಂತಾನೇ ಹಾಕ್ಕೊಂಡಿದೀನಿ. ಹನ್ನೆರಡು ಮನೆ ಇರ್ಬಹುದು. ಹೆಂಗೂ ಅರ್ಧ ಹೌದು ಅಂದಿದಾರಲ್ಲ ಅಂತ."

"ಹಂಗಾದ್ರೆ ಅದು ನಿನ್ನ ಉತ್ತರ, ಅವರದಲ್ಲ."

"ಹೌದು ಸಾರ್."

ಮರದಡಿ ಫಾರಂ ಎಂದು ಬರೆಯಲು ಇಷ್ಟು ಸಾಕೇ, ಸಾಲದೇ? ಅವಳಿಗೆ ತಿಳಿಯಲಿಲ್ಲ. ಮನೆಗೆ ಹೋಗಿದ್ದು ನಿಜ, ಕೇಳಿದ್ದು ನಿಜ, ಬರೆದದ್ದು ಸುಳ್ಳು. ಆದರೆ ನಿಜವಾದ ಉತ್ತರ ಬರೆಯಲು ಫಾರಂನಲ್ಲಿ ಜಾಗವೆಲ್ಲಿತ್ತು?

ಮೋಹನ್‌ಬಾಬು ಕಟ್ಟೆಯ ಕಲ್ಲನ್ನು ಉಗುರಿನಿಂದ ಕೆರೆದರು. "ಮೊದ್ಲು ಹುಳ, ಗಾಡಿ ಎರಡೂ ಬೇರೆ ಬೇರೆ ಪ್ರಶ್ನೆ ಆಗಿದ್ವು ಕಣಮ್ಮ," ಎಂದರು. "ಮೂವತ್ತು ಪ್ರಶ್ನೆ ಇತ್ತು. ಒಂದೇ ಹಾಳೆ, ಎರಡು ಮಗ್ಗುಲು, ಅದಕ್ಕಿಂತ ಹೆಚ್ಚಾಗ್ಬಾರ್ದು ಅಂದ್ರು ಮೇಲಿನೋರು. ನಾನು ಆರು ಕಡೆ ಮಧ್ಯದಲ್ಲಿ 'ಮತ್ತು' ಹಾಕಿ ಇಪ್ಪತ್ತನಾಲ್ಕು ಮಾಡ್ದೆ. ಚೆನ್ನಾಗಿ ಚಿಕ್ಕದಾಯ್ತು ಅಂತ ಖುಷೀನೂ ಪಟ್ಟೆ."

ಕಲ್ಯಾಣಿ ಅವರ ಕೈಲಿದ್ದ ಫಾರಂ ಕಡೆ ಬಗ್ಗಿ ಏಳನೇ ಪ್ರಶ್ನೆಯ 'ಮತ್ತು' ಹುಡುಕಿದಳು.

"ಈಗ ಮತ್ತೆ ಬಿಡಿಸಿದ್ರೆ ಮೂವತ್ತಾಗುತ್ತೆ. ಅಷ್ಟು ಕೇಳ್ತಾ ಕೂತ್ರೆ ಇವರು ನಮ್ಮನ್ನ ಬಿಟ್ಟು ಸೊಪ್ಪಿಗೆ ಎದ್ದು ಹೋಗ್ತಾರೆ. ಕೊನೇ ಹತ್ತು ಪ್ರಶ್ನೆಗೆ ಹೂಂ ಹೂಂ ಅಂತಾರೆ. ಅದೂ ಸುಳ್ಳೇ."

ಕಲ್ಯಾಣಿ ಫಾರಂ ತೆಗೆದುಕೊಂಡು ಪೆನ್ಸಿಲಿನಿಂದ 'ಮತ್ತು' ಇದ್ದಲ್ಲೆಲ್ಲ ಸುತ್ತು ಹಾಕತೊಡಗಿದಳು. ಎರಡನೇ ಪ್ರಶ್ನೆಯಲ್ಲೇ ನಿಂತಳು. 'ಗಂಡ ಮತ್ತು ಹೆಂಡತಿಯ ಹೆಸರು.' ಇದನ್ನು ಬಿಡಿಸುವುದೇ? ಹದಿನೆಂಟನೆಯದರಲ್ಲಿ 'ಮತ್ತು' ಇರಲೇ ಇಲ್ಲ: 'ತರಬೇತಿಗೆ ಹೋಗಿ ಅದರಿಂದ ಉಪಯೋಗ ಪಡೆದಿದ್ದೀರಾ?' ತರಬೇತಿಗೆ ಹೋಗಿಯೂ ಉಪಯೋಗವಾಗದವನು ಇಲ್ಲ ಎನ್ನುತ್ತಾನೆ. ಹೋಗದವನೂ ಇಲ್ಲ ಎನ್ನುತ್ತಾನೆ.

"ಸಾರ್, ಮಾತು ನೋಡಿದ್ರೆ ಗೊತ್ತಾಗಲ್ಲ. ಒಬ್ಬನೇ ಒಂದಕ್ಕೆ ಹೌದು, ಇನ್ನೊಂದಕ್ಕೆ ಇಲ್ಲ ಅನ್ನಬಹುದಾ ಅಂತ ನೋಡ್ಬೇಕು. ಅನ್ನಬಹುದು ಅಂದ್ರೆ ಅದು ಎರಡು."

"ಸರಿ. ಎರಡಾಯ್ತು. ಜಾಗ ಎಲ್ಲಿ?"

ಬಸ್ಸು ಬರುವವರೆಗೂ ಕೂತರು. ಬಂದ ಬಸ್ಸನ್ನು ಬಿಟ್ಟು ಮುಂದಿನದಕ್ಕೂ ಕೂತರು. ತರಬೇತಿಗೆ ಹೋಗಿದ್ದೀರಾ ಎಂದು ಮೊದಲು ಕೇಳುವುದು, ಹೋದವರಿಗಷ್ಟೇ ಉಪಯೋಗದ ಮಾತು ಎಂದು ಅವಳು ಬರೆದಳು. ನಲವತ್ತರಲ್ಲಿ ಹೋದವರು ಆರೇ ಮನೆಯವರಾದ್ದರಿಂದ ಉಳಿದವರಿಗೆ ಪ್ರಶ್ನೆ ಹೆಚ್ಚಲೇ ಇಲ್ಲ. ಹುಳು, ಗಾಡಿಯ ಹೊತ್ತು, ಹುಳುವಿನ ತಟ್ಟೆಗೆ ಉದುರಿಸುವ ಸುಣ್ಣ, ಔಷಧಿ ಪುಡಿ, ಇವನ್ನೆಲ್ಲ ಒಂದು ತಲೆಬರಹದ ಕೆಳಗೆ ಸಾಲಾಗಿ ಇಟ್ಟು, ಎದುರಿಗೆ 'ಸರಿಯಿದೆ, ಸರಿಯಿಲ್ಲ, ಹೇಳಲಾರೆ' ಎಂಬ ಮೂರು ಚೌಕಗಳನ್ನು ಗೀಚಿದರು. ಒಂದೊಂದಕ್ಕೂ ಪೂರ್ತಿ ವಾಕ್ಯ ಓದಬೇಕಿರಲಿಲ್ಲ. ಹುಳ ಹೆಂಗೆ, ಗಾಡಿ ಹೆಂಗೆ ಎಂದರೆ ಸಾಕು. 'ವಾಸದ ಮನೆ ಮತ್ತು ಹುಳುಮನೆಗೆ ಕರೆಂಟಿದೆಯೇ' ಎಂಬಲ್ಲಿ ವಾಸದ ಮನೆಯ ಕರೆಂಟು ಯಾರಿಗೆ ಬೇಕು ಎಂದು ಅವಳು ಕೇಳಿದಾಗ ಮೋಹನ್‌ಬಾಬು ಅರ್ಧ ಹೊಡೆದುಹಾಕಿದರು.

ಕಿತ್ತುಹಾಕುವುದೇ ಕಷ್ಟವಾಯಿತು. ಚಾಕಿಯ ದರ ಕೇಂದ್ರದ ಪುಸ್ತಕದಲ್ಲೇ ಇದೆ, ಊರಿನ ಮನೆಗಳ ಸಂಖ್ಯೆ ಪಂಚಾಯಿತಿಯಲ್ಲಿದೆ ಎಂದಳು ಕಲ್ಯಾಣಿ. "ಅವು ನಾನು ಹಾಕಿದ ಪ್ರಶ್ನೆಗಳು" ಎಂದು ಅವರು ಹಾಳೆಯನ್ನು ತಮ್ಮತ್ತ ಎಳೆದುಕೊಂಡರು. "ಇದರ ಉತ್ತರ ತಗೊಂಡು ಏನು ಮಾಡ್ತೀವಿ ಸಾರ್?" ಎಂದು ಅವಳು ಕೇಳಿದ ಮೇಲೆ ಅವೆರಡಕ್ಕೂ ಅಡ್ಡಗೆರೆ ಎಳೆದರು. ಎಣಿಸಿದರೆ ಇಪ್ಪತ್ತೈದು ಬಂತು; ಮತ್ತೆ ಎಣಿಸಿದರೆ ಇಪ್ಪತ್ತಾರು. ಯಾವುದು ಸರಿಯೆಂದು ಇಬ್ಬರಿಗೂ ತಿಳಿಯಲಿಲ್ಲ, ಆದರೆ ಹಾಳೆ ಒಂದೇ ಆಯಿತು.

ಶುಕ್ರವಾರದ ರಿಜಿಸ್ಟರನ್ನು ಮೋಹನ್‌ಬಾಬು ಮುಂದಕ್ಕೆ ಹಾಕಿದರು. ಹೊಸ ಹಾಳೆ ಹಿಡಿದು ಕಲ್ಯಾಣಿ ಅದೇ ಹತ್ತು ಮನೆಗಳಿಗೆ ಹೋದಳು. ಗಡಿಯಾರ ನೋಡಿಕೊಂಡೇ ಕೇಳಿದಳು. ಹದಿನೆಂಟು, ಹತ್ತೊಂಬತ್ತು ನಿಮಿಷ, ಹಳೆಯದಕ್ಕಿಂತ ಹೆಚ್ಚಲಿಲ್ಲ. 'ಯಾವುದಕ್ಕಮ್ಮ ಹೇಳ್ಲಿ' ಎಂದು ತಡೆಯುವವರು ಇರಲಿಲ್ಲವಲ್ಲ, ಅದರಿಂದಲೋ ಏನೋ. ಹತ್ತು ದಿನ ಬಿಟ್ಟು ಮೋಹನ್‌ಬಾಬು ಒಬ್ಬರೇ ಹೋಗಿ ಬಂದರು.

ಮತ್ತೆ ಮೇಜು, ಮತ್ತೆ ಎರಡು ಸಾಲು. ಹುಳ ಹೆಂಗೆ, ಗಾಡಿ ಹೆಂಗೆ ಎಂಬೆರಡರ ಉತ್ತರ ಒಂಬತ್ತು ಮನೆಗಳಲ್ಲಿ ಕೂಡಿತು. ಮುನಿವೆಂಕಟಪ್ಪನ ಮನೆಯಲ್ಲಿ ಕೂಡಲಿಲ್ಲ.

ಕಲ್ಯಾಣಿ ತನ್ನ ಹಾಳೆ ಎತ್ತಿ ನೋಡಿದಳು. "ಇಲ್ಲ ಸಾರ್, ಅವರೇ ಹೇಳಿದ್ದು. ಹುಳ ಸರಿಯಿದೆ ಅಂತ."

"ನಂಗೆ ಸರಿಯಿಲ್ಲ ಅಂದ್ರು."

"ಯಾರು, ತಾತಾನಾ?"

"ತಾತ ಸಂತೆಗೆ ಹೋಗಿದ್ದ. ಶ್ಯಾಮಲಮ್ಮ. ಒದ್ದೆ ಗೋಣಿ ಕಟ್ಟಿ ಹುಳ ಬದುಕಿಸೋಳು ನಾನು, ಚೆನ್ನಾಗೈತೆ ಅನ್ನೋನು ಅವನು ಅಂದ್ಲು."

ಗಂಡ ಹೆಂಡತಿಯ ಹೆಸರಿಗೆ ಜಾಗವಿತ್ತು, ಉತ್ತರ ಕೊಟ್ಟವರು ಇಬ್ಬರಲ್ಲಿ ಯಾರೆಂದು ಬರೆಯುವ ಜಾಗ ಫಾರಂನಲ್ಲಿರಲಿಲ್ಲ. ಅದಕ್ಕೂ ಒಂದು ಗೆರೆ ಬೇಕು ಎಂದುಕೊಂಡು ಮೋಹನ್‌ಬಾಬು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

ಆಮೇಲೆ ರಿಜಿಸ್ಟರು ತೆರೆದು ನಿಧಾನವಾಗಿ ಬರೆದರು. ಬರೆದು ಅವಳತ್ತ ತಿರುಗಿಸಿದರು. 'ದಿಬ್ಬೂರಹಳ್ಳಿ ಕಡೆ, ಹಳೆಯ ಫಾರಂ ನಲವತ್ತೂ ರದ್ದು. ಕಾರಣ: ಒಂದು ಪ್ರಶ್ನೆಯಲ್ಲಿ ಎರಡು ವಿಷಯ ಸೇರಿಸಲಾಗಿತ್ತು.'

ಸೇರಿಸಿದ್ದು ಯಾರೆಂದು ಅದರಲ್ಲಿರಲಿಲ್ಲ. ತಡವರಿಸಿದವರಿಗೆ ಹೌದು ಹಾಕಿದ್ದು ಯಾರೆಂಬುದೂ ಇರಲಿಲ್ಲ. ಕಲ್ಯಾಣಿ ಬೆರಳಿಟ್ಟು ಮುಂದಿನ ಅಂಕಣ ಓದಿದಳು. 'ನಲವತ್ತು ಮನೆಗಳಲ್ಲೂ ಹೊಸದಾಗಿ ಕೇಳತಕ್ಕದ್ದು. ಕೇಳುವವರು: ಕಲ್ಯಾಣಿ.'

"ಇದು ಶಿಕ್ಷೇನಾ ಸಾರ್?"

ಮೋಹನ್‌ಬಾಬು ಪೆನ್ನಿನ ಮುಚ್ಚಳ ಹಾಕಿದರು. "ಗೊತ್ತಿಲ್ಲ ಕಣಮ್ಮ. ನಾಳೆ ಬೆಳಿಗ್ಗೆ ಮೊದಲನೇ ಬಸ್ಸಿಗೆ ಹೋಗು. ತಡ ಮಾಡಿದ್ರೆ ಸೊಪ್ಪಿಗೆ ಎದ್ದುಬಿಡ್ತಾರೆ."