ಗುಡ್ಡದ ಮೇಲಿನ ಮಿಶ್ರಲೋಹ

ತುಂಗಾ ವಡೋದರಾದ ಒಂದು ಲೋಹ ಪರೀಕ್ಷಾಲಯಕ್ಕೆ ಸೇರಿ ಮೂರು ವರ್ಷವಾಗಿತ್ತು. ಗದಗಿನ ಹುಡುಗಿ ಎಂಬ ಒಂದೇ ಕಾರಣಕ್ಕೆ ಮುಖ್ಯಸ್ಥ ಭೀಮಸೇನ ಅವಳನ್ನು ಆರಿಸಿದ್ದರು. ಅವರದು ಧಾರವಾಡ. ಉಳಿದವರ ಮುಂದೆ ಇಂಗ್ಲಿಷ್, ಅವಳೊಬ್ಬಳನ್ನು ಬೈಯುವಾಗ ಮಾತ್ರ ಕನ್ನಡ.

ಜನವರಿಯಲ್ಲಿ ಒಂದು ರಾಸಾಯನಿಕ ಕಾರ್ಖಾನೆಯ ಫಿಟರ್ ಮಹೇಶ್ ಉಗುರಿನಷ್ಟು ದೊಡ್ಡ ಉಕ್ಕಿನ ಚೂರನ್ನು ಕರವಸ್ತ್ರದಲ್ಲಿ ಸುತ್ತಿ ತಂದುಕೊಟ್ಟ. ರಿಪೇರಿಗೆಂದು ನಿಲ್ಲಿಸಿದ್ದ ಪಂಪಿನ ಕವಚದಿಂದ ಕತ್ತರಿಸಿದ ಚೂರು. ಎರಡು ವರ್ಷದಿಂದ ಆ ಪಂಪು ಮುನ್ನೂರ ನಲವತ್ತು ಡಿಗ್ರಿಯಲ್ಲಿ ಓಡಿತ್ತು. ಇನ್ನೂ ಓಡಬಹುದೇ ಎಂಬುದು ಪ್ರಶ್ನೆ.

"ಬೇಗ ಹೇಳಿ ಬೆಹನ್," ಎಂದ ಮಹೇಶ್. "ಅದರ ಬೋಲ್ಟು ಬಿಗಿಯೋನು ನಾನೇ."

ಸೂಕ್ಷ್ಮದರ್ಶಕದಲ್ಲಿ ಲೋಹ ಸ್ವಚ್ಛವಾಗಿ ಕಂಡಿತು. ಲೋಹವನ್ನು ಪೆಡಸಾಗಿಸುವ ಹೊಸ ಕಣ ಒಂದೂ ಇಲ್ಲ. ಆದರೆ ಕ್ರೋಮಿಯಂ ಹೆಚ್ಚಿರುವ ಫೆರೈಟ್ ಭಾಗಕ್ಕೆ ವಜ್ರದ ಮೊನೆ ಒತ್ತಿದಾಗ ಗಡಸುತನ ಇನ್ನೂರ ಎಂಬತ್ತರ ಬದಲು ನಾನೂರ ಮೂವತ್ತು ಬಂತು. ತುಂಗಾ ಮೂರು ಸಲ ಅಳೆದಳು. ನಂತರ ವರದಿಯಲ್ಲಿ ಎರಡು ಪರಿಚ್ಛೇದ ಬರೆದಳು: ಮೊದಲನೆಯದು, ಕಣಗಳು ಕಾಣಲಿಲ್ಲ, ಎರಡನೆಯದು, ಆದರೂ ಲೋಹ ತಣ್ಣಗಿದ್ದಾಗ ಗಾಜಿನಂತೆ ಒಡೆಯಬಹುದು, ಕವಚ ಬದಲಿಸಿ.

ಭೀಮಸೇನ ಎರಡನೆಯದರ ಮೇಲೆ ಗೆರೆ ಎಳೆದರು.

"ಕಣ ಎಲ್ಲಿ ಅದಾವ?"

"ಇಲ್ಲ ಸರ್. ಇರೂದೂ ಇಲ್ಲ."

"ಕಣ ಹುಟ್ಟಬೇಕಂದ್ರ ಮೊದಲ ಬೀಜ ಕಟ್ಟಬೇಕು. ಅದಕ್ಕ ವರ್ಷಗಟ್ಟಲೆ ಕಾಯಬೇಕು. ಇನ್ನೂ ಕಟ್ಟಿಲ್ಲ. ಸೋಮವಾರ ಪಂಪು ಚಾಲೂ ಆಗಬೇಕು ಅಂತಾರ."

ತುಂಗಾ ಆ ವರದಿಯ ಹಾಳೆಯ ಹಿಂಬದಿ ಒಂದು ವಕ್ರರೇಖೆ ಎಳೆದಳು. ಅಡ್ಡಕ್ಕೆ ಕ್ರೋಮಿಯಂ ಪ್ರಮಾಣ, ಉದ್ದಕ್ಕೆ ಮುಕ್ತ ಶಕ್ತಿ, ಲೋಹ ಸದಾ ಇಳಿಸಿಕೊಳ್ಳಲು ನೋಡುವ ಶಕ್ತಿ. ಎರಡು ತಗ್ಗು, ನಡುವೆ ಗುಡ್ಡ.

"ತಗ್ಗಿನ ಹಂಗ ಬಾಗಿದ ಕಡೆ ಲೋಹ ಇದ್ರ ನೀವು ಹೇಳಿದ್ದು ಖರೆ ಸರ್. ಅಲ್ಲಿ ಕ್ರೋಮಿಯಂ ಒಂಚೂರು ಹೆಚ್ಚುಕಮ್ಮಿ ಆದ್ರ ಶಕ್ತಿ ಏರತದ, ಆ ಏರುಪೇರು ಅಳಿಸಿ ಹೋಗತದ. ದೊಡ್ಡ ಬೀಜ ಕಟ್ಟಿ ಅಡ್ಡಿ ದಾಟಬೇಕು. ಆದ್ರ ನಮ್ಮ ಫೆರೈಟ್‌ನಾಗ ಇಪ್ಪತ್ತೆಂಟು ಶೇಕಡಾ ಕ್ರೋಮಿಯಂ. ಈ ಉಷ್ಣತೆಗೆ ಅದು ಗುಡ್ಡದಂಗ ಬಾಗಿದ ಜಾಗದಾಗ ಅದ." ಗುಡ್ಡದ ಎರಡು ಮಗ್ಗುಲ ಬಿಂದುಗಳನ್ನು ನೇರ ಗೆರೆಯಿಂದ ಕೂಡಿಸಿದಳು. ಗೆರೆ ಗುಡ್ಡದ ಕೆಳಗೆ ಹಾದುಹೋಯಿತು. "ಇಲ್ಲಿ ಎಷ್ಟು ಸಣ್ಣ ಏರುಪೇರಾದ್ರೂ ಶಕ್ತಿ ಇಳೀತದ. ಅಡ್ಡಿನೂ ಇಲ್ಲ, ಬೀಜನೂ ಬೇಡ. ಇಡೀ ಲೋಹ ಒಮ್ಮೆಲೇ ಅಲೆಅಲೆಯಾಗಿ ಬೇರ್ಪಡತದ, ಅದಕ್ಕ ಗಡಸಾಗತದ. ಅಲೆ ನ್ಯಾನೋಮೀಟರ್ ಅಳತೆದು, ನಮ್ಮ ಸೂಕ್ಷ್ಮದರ್ಶಕಕ್ಕ ಕಾಣಂಗಿಲ್ಲ."

ಭೀಮಸೇನ ಆ ಹಾಳೆಯನ್ನು ಮಡಚಿ ಕಿಸೆಗೆ ಹಾಕಿಕೊಂಡರು. "ಕಾಣಲಾರದ್ದನ್ನ ಬರೀಬ್ಯಾಡ. ಸಹಿ ಹಾಕು. ಇಲ್ಲಂದ್ರ ನಾಳೆಯಿಂದ ಬರಬ್ಯಾಡ."

ಉಳಿದ ಒಂದೇ ಪರಿಚ್ಛೇದದಲ್ಲಿ ಸುಳ್ಳೇನೂ ಇರಲಿಲ್ಲ. ಸಹಿ ಹಾಕಿದಳು.

ಸೋಮವಾರ ಬೆಳಿಗ್ಗೆ ಮಹೇಶ್ ಬೋಲ್ಟು ಬಿಗಿದ. ಚಾಲೂ ಮಾಡುವ ಮುನ್ನ ಪರೀಕ್ಷೆಗೆಂದು ತಣ್ಣನೆಯ ಕವಚಕ್ಕೆ ನೀರು ತುಂಬಿ ಒತ್ತಡ ಏರಿಸಿದರು. ಅರ್ಧ ಒತ್ತಡಕ್ಕೇ ಅಂಚು ಒಡೆಯಿತು. ಬಾಗಲಿಲ್ಲ, ಹಿಗ್ಗಲಿಲ್ಲ. ಅಂಗೈಯಗಲದ ತುಂಡು ಮಹೇಶನ ಮುಖಕ್ಕೆ ಬಡಿಯಿತು. ಅವನು ಎರಡು ದಿನ ಬದುಕಿದ್ದ.

ತುಂಡನ್ನು ಪರಮಾಣು ಮಟ್ಟದ ಪರೀಕ್ಷೆಗೆ ಚೆನ್ನೈಗೆ ಕಳಿಸಿದರು. ಎಲ್ಲೆಲ್ಲೂ ಒಂದಕ್ಕೊಂದು ಹೆಣೆದುಕೊಂಡ ಕ್ರೋಮಿಯಂ ಅಲೆಗಳು ಎಂದು ಉತ್ತರ ಬಂತು.

ವಿಚಾರಣೆ ನಡೆದದ್ದು ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ, ಕಾರ್ಖಾನೆಯ ಕಚೇರಿಯಲ್ಲಿ. ಭೀಮಸೇನ ಬಿಳಿ ಹಲಗೆಯ ಮೇಲೆ ಎರಡು ತಗ್ಗು, ಒಂದು ಗುಡ್ಡ ಬರೆದರು. ಗುಡ್ಡದ ಕೆಳಗೆ ನೇರ ಗೆರೆಯನ್ನೂ ಎಳೆದರು. ಅಡ್ಡಿಯಿಲ್ಲ, ಬೀಜ ಬೇಡ ಎಂದು ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ವಿವರಿಸಿದರು. ಕೊನೆಗೆ, "ನಮ್ಮ ಕಿರಿಯ ಎಂಜಿನಿಯರ್ ಕಣ ಹುಡುಕಿದರು. ಹುಡುಕಬಾರದ್ದನ್ನು ಹುಡುಕಿದರು," ಎಂದರು.

"ಎರಡನೇ ಪರಿಚ್ಛೇದ ಬರೆದಿದ್ದೆ," ಎಂದಳು ತುಂಗಾ. "ಸರ್ ತೆಗೆಸಿದರು."

"ಪ್ರತಿ ಇದೆಯೇ?" ಎಂದು ಕೇಳಿದರು ವಿಚಾರಣೆಯ ಅಧಿಕಾರಿ.

ಹಾಳೆ ಭೀಮಸೇನರ ಕಿಸೆ ಸೇರಿತ್ತು, ಪರೀಕ್ಷಾಲಯದ ಕಂಪ್ಯೂಟರಿನಿಂದಲೂ ಅದನ್ನು ಆಗಲೇ ಅಳಿಸಲಾಗಿತ್ತು. ಭೀಮಸೇನ ಅವಳತ್ತ ವಾಲಿ, ಅಲ್ಲಿ ಬೇರಾರಿಗೂ ತಿಳಿಯದ ಕನ್ನಡದಲ್ಲಿ ಮೆಲ್ಲಗೆ ಕೇಳಿದರು, "ಸಹಿ ಯಾರದವ್ವಾ?"

ಅಂದೇ ಅವಳ ಕೆಲಸ ಹೋಯಿತು.

ಮರುವಾರ ತುಂಗಾ ಮಹೇಶನ ಮನೆಗೆ ಹೋದಳು. ಹೆಂಡತಿ ಶಕುಂತಲಾ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ತುಂಗಾ ಹಿಂದಿಯಲ್ಲಿ ಎಲ್ಲವನ್ನೂ ಹೇಳಿದಳು. ಗೊತ್ತಿತ್ತು, ಹೇಳಿದೆ, ಆಮೇಲೆ ಸುಮ್ಮನಾದೆ.

"ಸುಮ್ಮನಾಗದಿದ್ದರೆ ಏನಾಗುತ್ತಿತ್ತು?"

"ಕೆಲಸ ಹೋಗುತ್ತಿತ್ತು."

"ಈಗ?"

"ಹೋಯಿತು."

"ಹಾಗಾದರೆ ಅವನು ಯಾತಕ್ಕೆ ಸತ್ತ?" ಎಂದಳು ಶಕುಂತಲಾ. ಒಳಗೆ ಯಾರೋ ಕರೆದರು. ಶಕುಂತಲಾ ಬಾಗಿಲು ಹಾಕಿಕೊಂಡಳು.

ತುಂಗಾ ಈಗ ಸೂರತ್‌ನ ಉಧ್ನಾದಲ್ಲಿ ಮಗ್ಗದ ಬಿಡಿಭಾಗ ತಪಾಸಣೆ ಮಾಡುತ್ತಾಳೆ. ಭೀಮಸೇನರು ಮಿಶ್ರಲೋಹ ಬೇರ್ಪಡುವ ಬಗ್ಗೆ ಊರೂರಿನಲ್ಲಿ ಉಪನ್ಯಾಸ ಕೊಡುತ್ತಾರೆ. ಬಹಳ ಚೆನ್ನಾಗಿ ಹೇಳುತ್ತಾರಂತೆ.